ತುಂಗೆಯ ಮರಳಿನ ಮೇಲಿಂದ ಬೈಕ್ ತೆಗೆದದ್ದು

ಬೇಸಿಗೆಯಲ್ಲಿ ತೀರ್ಥಹಳ್ಳಿಯ ತುಂಗಾ ಹೊಳೆಯ ಮರಳಲ್ಲಿ ಒಂದು ಪ್ರೀ-ವೆಡ್ಡಿಂಗ್ ಶೂಟ್ ಮಾಡಿದ್ದೆ. ಎತ್ತರದ ದಡದಿಂದ ತೆಗೆದ ಒಂದೇ ಫೋಟೋದಲ್ಲಿ ಇಬ್ಬರ ನಗುವೂ ಚೆನ್ನಾಗಿ ಬಂದಿತ್ತು. ಆದರೆ ಪಕ್ಕದ ಮರಳಲ್ಲಿ ನಮ್ಮ ಹುಡುಗನ ಕೆಂಪು ಬೈಕ್ ನಿಂತಿತ್ತು. “ಅಣ್ಣಾ, ಆಲ್ಬಮ್ಮಿನ ಮೊದಲ ಪುಟಕ್ಕೆ ಇದೇ ಇರಲಿ, ಬೈಕ್ ಒಂದು ತೆಗೀರಿ” ಎಂದರು ಮದುಮಗಳು.

ಒಂದು ಜಾಗದ್ದನ್ನು ನಕಲು ಮಾಡಿ ಇನ್ನೊಂದರ ಮೇಲೆ ಬಳಿಯುವ ಕ್ಲೋನ್ ಸ್ಟಾಂಪ್ ಒಂದರಿಂದಲೇ ಆಗಲಿಲ್ಲ. ಬೈಕ್ ನಿಂತ ಜಾಗದಲ್ಲಿ ಒಣ ಮರಳು ಮೆಲ್ಲಗೆ ಹಸಿ ಮರಳಾಗುತ್ತಿತ್ತು, ನೀರಿನ ಅಂಚು ಫೋಟೋದಲ್ಲಿ ಓರೆಯಾಗಿತ್ತು. ಅಡ್ಡಕ್ಕೆ ಪಕ್ಕದಿಂದ ಮರಳು ತಂದರೆ ಕಾಳಿನ ಗಾತ್ರ ಸರಿ, ಬಣ್ಣ ತಪ್ಪು. ನೀರಂಚಿನ ಗುಂಟ ತಂದರೆ ಬಣ್ಣ ಸರಿ, ಆದರೆ ಅದು ಕ್ಯಾಮೆರಾಕ್ಕೆ ಹತ್ತಿರದ ಮರಳು, ಕಾಳು ದಪ್ಪ. ಎರಡೂ ಹೊಂದುವ ಜಾಗ ಫೋಟೋದಲ್ಲೇ ಇರಲಿಲ್ಲ. ಹಾಗಾಗಿ ಬಣ್ಣವನ್ನೂ ಕಾಳನ್ನೂ ಬೇರೆ ಮಾಡಿದೆ.

ಫೋಟೋಶಾಪಿನಲ್ಲಿ ಲೇಯರನ್ನು ಎರಡು ಸಲ ನಕಲು ಮಾಡಿ, ಕೆಳಗಿನದಕ್ಕೆ Gaussian Blur ಕೊಟ್ಟೆ. ಕಾಳುಗಳು ಕರಗಿ ಬಣ್ಣದ ಏರಿಳಿತ ಮಾತ್ರ ಉಳಿಯುವವರೆಗೆ ಏರಿಸಿದಾಗ 12 ಪಿಕ್ಸೆಲ್ಲಿಗೆ ನಿಂತಿತು. ಮೇಲಿನ ನಕಲಿನಲ್ಲಿ Apply Image ತೆರೆದು, Layer ಎಂಬಲ್ಲಿ ಮಸುಕಾದ ಲೇಯರ್ ಆರಿಸಿ, Subtract, Scale 2, Offset 128 ಇಟ್ಟೆ (ನನ್ನ ಫೈಲ್ 8 ಬಿಟ್‌ನದು). ಈಗ ಈ ಮೇಲಿನ ಲೇಯರಿನಲ್ಲಿ ಕಾಳು ಮಾತ್ರ ಉಳಿಯಿತು. ಆಮೇಲೆ ಅದರ ಬ್ಲೆಂಡ್ ಮೋಡ್ Linear Light ಮಾಡಿದರೆ ಫೋಟೋ ಮೊದಲಿನಂತೆಯೇ ಕಾಣುತ್ತದೆ. ಕಾಣದಿದ್ದರೆ ಎಲ್ಲೋ ಅಂಕಿ ತಪ್ಪಿದೆ.

ಕ್ಲೋನ್ ಸ್ಟಾಂಪಿನ Sample ಅನ್ನು Current Layer ಮಾಡಿಕೊಂಡು, ಮಸುಕಾದ ಲೇಯರಿನಲ್ಲಿ ಮೆದು ಬ್ರಷ್‌ನಿಂದ ನೀರಂಚಿನ ಗುಂಟ ಬಣ್ಣ ತಂದೆ. ಮಸುಕಾಗುವಾಗ ಬೈಕಿನ ಕೆಂಪು ಸುತ್ತಲೂ ಹರಡಿರುತ್ತದೆ, ಅದಕ್ಕೇ ಬೈಕಿನಿಂದಲೂ ನೆರಳಿನಿಂದಲೂ ಸುಮಾರು 40 ಪಿಕ್ಸೆಲ್ ಆಚೆಯವರೆಗೆ ಮುಚ್ಚಿದೆ. ಮೇಲಿನ ಲೇಯರಿನಲ್ಲಿ ಬ್ರಷ್ ಸ್ವಲ್ಪ ಗಟ್ಟಿ, ಒಪಾಸಿಟಿ 100. ಇಲ್ಲಿ ಮಾತ್ರ ಅಡ್ಡಕ್ಕೆ, ಅದೇ ದೂರದ ಮರಳಿನಿಂದ ಕಾಳು ತಂದೆ. ಮೆದು ಬ್ರಷ್ ಹಿಡಿದರೆ ಅಂಚಿನಲ್ಲಿ ಎರಡು ಕಾಳು ಬೆರೆತು ಮಂಜು ಮಂಜಾಗುತ್ತದೆ.

ಎರಡು ಕಡೆ ಎಡವಿದೆ. ಒಂದು ಹೆಜ್ಜೆಗುರುತಿನ ಮೇಲಿಂದ ಕಾಳು ತಂದಿದ್ದೆ. ಹಳ್ಳದ ಕಪ್ಪು ಕೆಳಗಿನ ಲೇಯರಿನಲ್ಲೇ ಉಳಿದು, ಅಂಚಿನ ಗೆರೆ ಮಾತ್ರ ಬಂದು ಬಳೆಯಂತೆ ತೇಲುತ್ತಿತ್ತು. ತುಳಿಯದ ಮರಳು ಹುಡುಕಿ ಮತ್ತೆ ಮಾಡಿದೆ. ಇನ್ನೊಂದು, ಒಣ ಮರಳಿನ ಕಾಳು ಹಸಿ ಮರಳ ಮೇಲೆ ಸಕ್ಕರೆ ಚೆಲ್ಲಿದಂತೆ ಎದ್ದು ಕಂಡಿತು. ಮೇಲಿನ ಲೇಯರಿನಲ್ಲಿ ನಡುಬೂದು, ಅಂದರೆ 128, ಏನೂ ಪರಿಣಾಮ ಮಾಡುವುದಿಲ್ಲ. ಆ ಬೂದನ್ನು 20 ಒಪಾಸಿಟಿಯಲ್ಲಿ ಎರಡು ಮೂರು ಸಲ ಸವರಿದ ಮೇಲೆ ಕಾಳು ತಣ್ಣಗಾಯಿತು.

ಉಳಿದ ಕಲೆ ಇದ್ದರೆ ಎದ್ದು ಕಾಣಲೆಂದು ಎಲ್ಲದರ ಮೇಲೆ ಒಂದು ಕಡಿದಾದ Curves ಇಟ್ಟು, ದೂರದಿಂದ ನೋಡಿದೆ. ಕಲೆ ಇರಲಿಲ್ಲ. ಆದರೆ ಟೈರಿನ ಗುರುತೊಂದು ಖಾಲಿ ಮರಳಿನವರೆಗೆ ಬಂದು ನಿಂತುಬಿಟ್ಟಿತ್ತು. ಅದನ್ನೂ ಫೋಟೋದ ಅಂಚಿನವರೆಗೆ ಹೀಗೆಯೇ ಅಳಿಸಿದೆ.