ಎರಡೂ ಜಾಸ್ತಿ ಬಂದ ರಿಪೋರ್ಟು, ಮತ್ತೆ ಸೋದರಮಾವನ ರಕ್ತ

ಟಿಎಸ್‌ಎಚ್ ಕೂಡ ಜಾಸ್ತಿ, ಫ್ರೀ ಟಿ4 ಕೂಡ ಜಾಸ್ತಿ. ಟಿಎಸ್‌ಎಚ್ ಅಂದರೆ ಕೆಲಸ ಮಾಡು ಅಂತ ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ಆಜ್ಞೆ, ಟಿ4 ಥೈರಾಯ್ಡ್ ಕೊಡುವ ಹಾರ್ಮೋನು. ಟಿ4 ಏರಿದರೆ ಟಿಎಸ್‌ಎಚ್ ಇಳೀಬೇಕು. ಎರಡೂ ಏರಿದ್ದರೆ ಪಿಟ್ಯೂಟರಿಯಲ್ಲಿ ಗಡ್ಡೆ ಇರಬಹುದು, ಇಲ್ಲಾ ಮನೆತನದ ಜೀನಿನಲ್ಲೇ ದೋಷ ಇರಬಹುದು. ಇಂಥ ರಿಪೋರ್ಟು ಬಂದ್ರೆ ನಾನೀಗ ಎಂಆರ್‌ಐ ಬರೆಯಲ್ಲ. ಮೊದಲು ರೋಗಿಯ ಮನೆಯವರನ್ನು ಕರೆಸ್ತೀನಿ. ನಮ್ಮ ಹಿರಿಯರೊಬ್ಬರಿಗೆ ಇದನ್ನು ಹೇಳಿದಾಗ ನಕ್ಕಿದ್ದರು. "ಏನಯ್ಯಾ, ಒಬ್ಬರ ಕಾಯಿಲೆಗೆ ಊರಿನವರ ರಕ್ತವೆಲ್ಲ ತೆಗೀತೀಯಾ?" ಈಗ ಅವರೇ ಇಂಥ ಕೇಸು ನನಗೆ ಕಳಿಸ್ತಾರೆ. ಅದಕ್ಕೇ ಬರೀತಿದ್ದೀನಿ.

ಜಿಲ್ಲಾ ಕೇಂದ್ರದಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್. ಎಂಟೊಂಬತ್ತು ವರ್ಷದ ಹಿಂದೆ ಮೂವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ಎದೆ ಡವಡವ, ಕೈ ನಡುಕ, ಕತ್ತಲ್ಲಿ ಊತ. ಬೇರೆ ಕಡೆ ಆಗಲೇ ಥೈರಾಯ್ಡ್ ಹಾರ್ಮೋನ್ ತಗ್ಗಿಸುವ ಕಾರ್ಬಿಮಝೋಲ್ ಮಾತ್ರೆ ಶುರು ಮಾಡಿದ್ದರು. ಹಳೇ ರಿಪೋರ್ಟಿನಲ್ಲಿ ಫ್ರೀ ಟಿ4 2.9 ಇತ್ತು, ನಮ್ಮ ಲ್ಯಾಬಿನ ಮೇಲಿನ ಮಿತಿ 1.7. ಅದರ ಮೇಲಿನ ಸಾಲಿನಲ್ಲೇ ಟಿಎಸ್‌ಎಚ್ 6.8 ಅಂತ ಇತ್ತು. ನಾನು ಅದನ್ನು ನೋಡಲೇ ಇಲ್ಲ. ನೋಡಿದ್ದರೂ ಲ್ಯಾಬಿನ ತಪ್ಪು ಅಂದ್ಕೊಂಡಿರ್ತಿದ್ದೆ. ಮಾತ್ರೆ ಜಾಸ್ತಿ ಮಾಡಿದೆ. ಮೂರು ತಿಂಗಳಲ್ಲಿ ಫ್ರೀ ಟಿ4 ಮಿತಿಯೊಳಗೆ ಬಂತು, ನನಗೆ ಖುಷಿಯೋ ಖುಷಿ. ಆದರೆ ಟಿಎಸ್‌ಎಚ್ 38ಕ್ಕೆ ಏರಿತ್ತು. ಕತ್ತಿನ ಊತ ಎರಡರಷ್ಟಾಗಿತ್ತು. "ಡಾಕ್ಟ್ರೇ, ರವಿಕೆ ಹುಕ್ಕು ಹಾಕೋಕೆ ಆಗ್ತಿಲ್ಲ" ಅಂದರು. ಆಮೇಲೆ ಬುದ್ಧಿ ಬಂತು.

ಮಾತ್ರೆ ನಿಲ್ಲಿಸಿ ಆರು ವಾರ ಬಿಟ್ಟು ಮತ್ತೆ ನೋಡಿದೆ. ಅದೇ ಕಥೆ, ಎರಡೂ ಜಾಸ್ತಿ. ಬೇರೆ ಕಂಪನಿಯ ಮೆಷೀನಿರುವ ಲ್ಯಾಬಿಗೂ ಅದೇ ಸೀರಮ್ ಕಳಿಸಿದೆ, ಅಲ್ಲೂ ಅದೇ. ಇಲ್ಲಿ ಒಂದು ಮಾತು. ಇಂಥ ರಿಪೋರ್ಟಿಗೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಗಡ್ಡೆಯೂ ಅಲ್ಲ, ಜೀನೂ ಅಲ್ಲ. ಥೈರಾಕ್ಸಿನ್ ಮಾತ್ರೆಯನ್ನು ತಿಂಗಳುಗಟ್ಟಲೆ ಬಿಟ್ಟು, ಟೆಸ್ಟಿಗೆ ನಾಲ್ಕು ದಿನ ಇರುವಾಗ ಭಯಕ್ಕೆ ದಿನಾ ನುಂಗುವವರು. ಅವರಲ್ಲಿ ಟಿ4 ಬೇಗ ಏರತ್ತೆ, ಟಿಎಸ್‌ಎಚ್ ಇಳಿಯೋಕೆ ವಾರಗಳು ಬೇಕು. ಬೈಯದೆ ಕೇಳಿದರೆ ಒಪ್ಕೋತಾರೆ. ಇನ್ನು ಕೂದಲಿಗೆ ಅಂತ ಬಯೋಟಿನ್ ತಿನ್ನುವವರನ್ನು ಇದಕ್ಕೆ ಎಳೀಬೇಡಿ. ಬಯೋಟಿನ್ ಮೆಷೀನಿಗೆ ಮಂಕುಬೂದಿ ಎರಚಿದರೆ ಟಿ4 ಜಾಸ್ತಿ, ಟಿಎಸ್‌ಎಚ್ ಕಡಿಮೆ ತೋರಿಸತ್ತೆ. ಅದು ಥೈರಾಯ್ಡ್ ತಾನೇ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆ ಥರ ಕಾಣತ್ತೆ, ಇದರ ಥರ ಅಲ್ಲ.

ಇದೇ ಸಮಯದಲ್ಲಿ ನನಗೆ ಪಿಇಜಿ ಹುಚ್ಚು ಹಿಡಿದಿತ್ತು. ಟಿಎಸ್‌ಎಚ್‌ಗೆ ಆಂಟಿಬಾಡಿ ಅಂಟಿಕೊಂಡು ಸುಳ್ಳು ಹೇಳ್ತಿದೆಯೇನೋ ಅಂತ ಅನುಮಾನ. ಅಂಥ ಆಂಟಿಬಾಡಿಯನ್ನು ತಳಕ್ಕಿಳಿಸುವ ರಾಸಾಯನಿಕ ಪಿಇಜಿ. ನಮ್ಮ ಲ್ಯಾಬ್ ಹುಡುಗನ ಜೊತೆ ಕೂತು 25 ಪರ್ಸೆಂಟಿನ ಪಿಇಜಿ 6000 ಮಾಡಿ, ಸೀರಮ್ಮಿಗೆ ಸಮಸಮ ಬೆರೆಸಿ, ಸೆಂಟ್ರಿಫ್ಯೂಜಿಗೆ ಹಾಕಿದೆವು. ಮೇಲಿನ ತಿಳಿಯಲ್ಲಿ ಟಿಎಸ್‌ಎಚ್ ಅರ್ಧವೇ ಉಳಿದಿತ್ತು. "ಸಿಕ್ಕಿತು!" ಅಂತ ಕೂಗಿದೆ. ಹುಡುಗ ಮೆಲ್ಲಗೆ "ಸಾರ್, ನನ್ನ ರಕ್ತದ್ದೂ ಮಾಡೋಣ" ಅಂದ. ಅವನದ್ದೂ ಅರ್ಧವೇ ಉಳಿಯಿತು. ಮಾಮೂಲಿ ಸೀರಮ್ಮಿನಲ್ಲೂ ಅಷ್ಟು ತಳಕ್ಕಿಳಿಯತ್ತೆ. ನಾರ್ಮಲ್ ಸೀರಮ್ ಜೊತೆಗಿಲ್ಲದೆ ಇದನ್ನು ಮಾಡಲೇಬಾರದು. ಆ ಹುಡುಗನಿಗೆ ಅವತ್ತು ಮಸಾಲೆ ದೋಸೆ ಕೊಡಿಸಿದೆ.

ಈಗ ದೊಡ್ಡ ತಪ್ಪಿಗೆ ಬರ್ತೀನಿ. ಪಿಟ್ಯೂಟರಿಯ ಸ್ರಾವ ತಗ್ಗಿಸುವ ಆಕ್ಟ್ರಿಯೋಟೈಡ್ ಸೂಜಿಯನ್ನು 100 ಮೈಕ್ರೋಗ್ರಾಂ ಚರ್ಮದಡಿ ಕೊಟ್ಟು ಕೆಲವು ಗಂಟೆ ಬಿಟ್ಟು ನೋಡಿದೆ. ಟಿಎಸ್‌ಎಚ್ 6ರಿಂದ 3ಕ್ಕೆ ಇಳೀತು. ಇದು ಪಿಟ್ಯೂಟರಿ ಗಡ್ಡೆಯೇ ಅಂತ ತೀರ್ಮಾನಿಸಿ ಎಂಆರ್‌ಐ ಬರೆದೆ. ಆಗ 7-8 ಸಾವಿರ ಇರಬೇಕು. ಅದರಲ್ಲಿ 4 ಮಿಲಿಮೀಟರಿನ ಚುಕ್ಕೆ ಕಾಣಿಸಿತು. ಇನ್ನೇನು ಬೇಕು? ಬೆಂಗಳೂರಿಗೆ ಕಳಿಸಿದೆ, ಆಪರೇಷನ್ನಿಗೆ ದಿನ ಗೊತ್ತಾಯಿತು, ಗಂಡ ಸೊಸೈಟಿಯಲ್ಲಿ ಬಳೆ ಅಡವಿಟ್ಟು ಒಂದು ಲಕ್ಷ ತಂದ. ಆಮೇಲೆ ಗೊತ್ತಾಗಿದ್ದು ಎರಡು. ಒಂದೇ ಡೋಸಿನ ಆಕ್ಟ್ರಿಯೋಟೈಡ್ ಟಿಎಸ್‌ಎಚ್ ಅನ್ನು ಗಡ್ಡೆ ಇದ್ದರೂ ಇಳಿಸತ್ತೆ, ಇಲ್ಲದಿದ್ದರೂ ಇಳಿಸತ್ತೆ. ಪಿಟ್ಯೂಟರಿಯಲ್ಲಿ ಅಷ್ಟು ಸಣ್ಣ ಚುಕ್ಕೆ ಆರೋಗ್ಯವಂತರಲ್ಲೂ ಸುಮಾರು ಹತ್ತರಲ್ಲೊಬ್ಬರಿಗೆ ಇರತ್ತೆ. ಎರಡು ಅರೆಬರೆ ಸಾಕ್ಷಿ ಸೇರಿಸಿ ಒಬ್ಬರ ತಲೆಗೆ ಕೈ ಹಾಕಲು ಹೊರಟಿದ್ದೆ.

ಬಚಾವಾಗಿದ್ದು ಒಂದು ಗಾಜಿನ ಪೇಪರ್‌ವೇಟಿನಿಂದ. ಕಾಗದಪತ್ರ ಒಯ್ಯೋಕೆ ಆಕೆ ಬಂದಾಗ ಆಕೆಯ ತಾಯಿ ಮತ್ತೆ ಒಂಬತ್ತು ವರ್ಷದ ಮಗನೂ ಜೊತೆಗಿದ್ದರು. ಹುಡುಗ ನನ್ನ ಮೇಜಿನ ಪೇಪರ್‌ವೇಟ್ ತಿರುಗಿಸ್ತಾ, ಬೀಳಿಸ್ತಾ, ಮತ್ತೆ ತಿರುಗಿಸ್ತಾ ಇದ್ದ. "ಸ್ಕೂಲಲ್ಲೂ ಹೀಗೇ ಸಾರ್, ಒಂದು ಕಡೆ ಕೂರಲ್ಲ" ಅಂದರು ಹುಡುಗನ ತಾಯಿ. ಸುಮ್ನೆ ನಾಡಿ ಹಿಡಿದೆ, 112. ಅಷ್ಟರಲ್ಲಿ ಅಜ್ಜಿ ಸೆರಗು ಸರಿಮಾಡಿಕೊಂಡರು. ಕತ್ತಿನ ಬುಡದಲ್ಲಿ ಅಡ್ಡಕ್ಕೆ ಹಳೇ ಹೊಲಿಗೆಯ ಗೆರೆ. ಇಪ್ಪತ್ತು ವರ್ಷದ ಹಿಂದೆ ಥೈರಾಯ್ಡ್ ತೆಗೆಸಿದ್ದರಂತೆ. "ಮಾತ್ರೆ ದಿನಾ ತಗೋತೀನಪ್ಪಾ, ಆದ್ರೂ ಟಿಎಸ್‌ಎಚ್ ಇಳಿಯಲ್ಲ. ಡಾಕ್ಟ್ರುಗಳು ನಾನು ಸುಳ್ಳು ಹೇಳ್ತೀನಿ ಅಂತ ಬೈತಾರೆ."

ಅವರು ಸುಳ್ಳು ಹೇಳಿರಲಿಲ್ಲ. ಪಿಟ್ಯೂಟರಿಗೆ ಹಾರ್ಮೋನಿನ ಮಾತು ಸರಿಯಾಗಿ ಕೇಳಿಸದ ಮನೆತನ ಅದು. ಇದಕ್ಕೆ ಥೈರಾಯ್ಡ್ ಹಾರ್ಮೋನ್ ರೆಸಿಸ್ಟೆನ್ಸ್ ಅಂತಾರೆ. ಎಷ್ಟು ಮಾತ್ರೆ ಕೊಟ್ಟರೂ ಅದು ಸಾಲದು ಅಂತಲೇ ಕೂಗತ್ತೆ. ಆದರೆ ಅಜ್ಜಿಯ ರಕ್ತದಿಂದ ಉಪಯೋಗವಿಲ್ಲ. ಥೈರಾಯ್ಡ್ ತೆಗೆದವರಲ್ಲಿ, ಮಾತ್ರೆ ತಿನ್ನುವವರಲ್ಲಿ ಈ ಲೆಕ್ಕ ಕಲಸಿಹೋಗತ್ತೆ. ಯಾರೂ ಮುಟ್ಟದ ಥೈರಾಯ್ಡ್ ಬೇಕು. ಅದಕ್ಕೆ ಹುಡುಗನದ್ದು ತೆಗೆದೆ, ಸೋದರಮಾವನನ್ನು ಕರೆಸಿದೆ. ಹುಡುಗನ ಟಿಎಸ್‌ಎಚ್ 5ರ ಹತ್ತಿರ, ಫ್ರೀ ಟಿ4 2.7. ಮಕ್ಕಳ ಮಿತಿ ಸ್ವಲ್ಪ ಮೇಲಿರತ್ತೆ, ಅದಕ್ಕೂ ಇದು ಜಾಸ್ತಿಯೇ. ಮಾವನ ಟಿಎಸ್‌ಎಚ್ 3.9, ಫ್ರೀ ಟಿ4 2.5. ಇದನ್ನು ಗಮನಿಸಿ. ಮಾವನ ಟಿಎಸ್‌ಎಚ್ ಮಿತಿಯೊಳಗೇ ಇದೆ, ಲ್ಯಾಬ್ ಅದಕ್ಕೆ ಕೆಂಪು ಗುರುತೂ ಹಾಕಲ್ಲ. ಆದರೆ ಟಿ4 ಅಷ್ಟಿರುವಾಗ ಟಿಎಸ್‌ಎಚ್ ಸೊನ್ನೆಯ ಹತ್ತಿರ ಇರಬೇಕಿತ್ತು. ಮಾವನಿಗೆ ಒಂದು ದಿನವೂ ತೊಂದರೆ ಆಗಿರಲಿಲ್ಲ. ಮದುವೆ ಮನೆಗಳಲ್ಲಿ ಅಡುಗೆ ಮಾಡುವ ಗಟ್ಟಿ ಆಳು.

ಇವರ ರಕ್ತದ ಟೆಸ್ಟಿಗೆ ಒಟ್ಟು ಸಾವಿರದಿನ್ನೂರೋ ಏನೋ ಆಯಿತು. ಆಪರೇಷನ್ನಿಗೆ ಎರಡೂವರೆ ಲಕ್ಷ ಹೇಳಿದ್ದರು. ದಿನ ರದ್ದು ಮಾಡಿಸಿದೆ. ಬೆಂಗಳೂರಿನವರು ಒಪ್ಪಲಿಲ್ಲ, "ಎಂಆರ್‌ಐನಲ್ಲಿ ಇದೆಯಲ್ಲ?" ಅಂದರು. ಕೊನೆಗೆ ಜೀನ್ ಟೆಸ್ಟಿಗೆ ಹಾಕಿದೆ. ಆಗ 15 ಸಾವಿರದ ಮೇಲಿತ್ತು, ಅರ್ಧ ನಾನೇ ಕೊಟ್ಟೆ. ಥೈರಾಯ್ಡ್ ಹಾರ್ಮೋನನ್ನು ಹಿಡಿಯುವ ರಿಸೆಪ್ಟರಿನ ಟಿಎಚ್‌ಆರ್‌ಬಿ ಜೀನಿನಲ್ಲಿ 338ನೇ ಜಾಗದಲ್ಲಿ ಆರ್ಜಿನೀನ್ ಬದಲು ಟ್ರಿಪ್ಟೊಫ್ಯಾನ್. ಬೇರೆ ಮನೆತನಗಳಲ್ಲೂ ಕಂಡಿರುವ, ಹೆಸರಾದ ಬದಲಾವಣೆ ಅದು. ಜೀನ್ ಟೆಸ್ಟ್ ಖಾಲಿ ಬಂದರೂ ಕಾಯಿಲೆ ಇಲ್ಲ ಅಂತ ಹೇಳೋಕಾಗಲ್ಲ. ನೂರಕ್ಕೆ ಹದಿನೈದು ಮನೆತನಗಳಲ್ಲಿ ಈ ಜೀನಿನಲ್ಲಿ ಏನೂ ಸಿಗಲ್ಲ. ಅಲ್ಲಿ ಮಾವನ ರಕ್ತವೇ ಗತಿ.

ಆಕೆಗೆ ಈಗ ಕಾರ್ಬಿಮಝೋಲ್ ಇಲ್ಲ. ಎದೆಬಡಿತಕ್ಕೆ ಅಟೆನೊಲಾಲ್ 25 ಮಾತ್ರ. ಫ್ರೀ ಟಿ4 ಇವತ್ತಿಗೂ 2.8, ಅದನ್ನು ಇಳಿಸೋಕೆ ಹೋಗಲ್ಲ. ಊತ ಪೂರ್ತಿ ಹೋಗಿಲ್ಲ, ಆದರೆ ರವಿಕೆ ಹುಕ್ಕು ಹಾಕೋಕಾಗತ್ತೆ.

ಎಲ್ಲರ ಮನೆಯವರೂ ಹೀಗೆ ಉಪಕಾರ ಮಾಡಲ್ಲ. ನಾಲ್ಕು ವರ್ಷದ ಹಿಂದೆ ನಲವತ್ತಾರರ ಗಂಡಸೊಬ್ಬರು ಬಂದರು. ಟಿಎಸ್‌ಎಚ್ 5.5, ಫ್ರೀ ಟಿ4 3.6. ತೂಕ ಎಂಟು ಕಿಲೋ ಇಳಿದಿತ್ತು. ರೇಡಿಯೋ ಅಯೋಡಿನ್ ಕೊಡೋಣ ಅಂತ ಎಲ್ಲೋ ಹೇಳಿದ್ದರು. ತಂದೆ, ಇಬ್ಬರು ತಮ್ಮಂದಿರು, ಮಗಳು, ಎಲ್ಲರ ರಕ್ತ ತೆಗೆದೆ. ಎಲ್ಲ ನಾರ್ಮಲ್. ಆಗ ನನಗೂ ಎದೆ ಝಲ್ಲೆಂದಿತು. ಮನೆತನದಲ್ಲಿ ಯಾರಿಗೂ ಇಲ್ಲ ಅಂದರೆ ಇವರಲ್ಲೇ ಹೊಸದಾಗಿ ಜೀನ್ ಬದಲಾಗಿರಬಹುದು, ಇಲ್ಲಾ ಗಡ್ಡೆ ಇರಬಹುದು.

ಮುಂದಿನ ಹೆಜ್ಜೆ ಎಸ್‌ಎಚ್‌ಬಿಜಿ, ಲಿವರ್ ತಯಾರಿಸುವ ಒಂದು ಪ್ರೋಟೀನು. ಸಾವಿರ ಚಿಲ್ಲರೆಯ ಟೆಸ್ಟು, ಇದರಷ್ಟು ಕಾಸಿಗೆ ತಕ್ಕ ಟೆಸ್ಟು ನಾನು ನೋಡಿಲ್ಲ. ಗಡ್ಡೆಯಿದ್ದರೆ ಲಿವರ್‌ಗೆ ಹಾರ್ಮೋನ್ ನಿಜವಾಗಿ ಜಾಸ್ತಿ ತಟ್ಟತ್ತೆ, ಎಸ್‌ಎಚ್‌ಬಿಜಿ ಏರತ್ತೆ. ಮೊದಲಿನ ಹೆಂಗಸಿನಂಥವರಲ್ಲಿ ಲಿವರ್‌ಗೂ ಕಿವುಡು, ಅದು ಏರಲ್ಲ. ಆಕೆಯದ್ದು 48 ಇತ್ತು, ಈ ಗಂಡಸಿನದ್ದು 104. ಗರ್ಭನಿರೋಧಕ ಮಾತ್ರೆ ತಿನ್ನುವ ಹೆಂಗಸರಲ್ಲಿ ಇದು ಸುಮ್ಮನೇ ಏರಿರತ್ತೆ, ಮೊದಲೇ ಕೇಳಿಕೊಳ್ಳಿ. ಗಡ್ಡೆ ಬೆಳವಣಿಗೆ ಹಾರ್ಮೋನನ್ನೂ ಸುರಿಸ್ತಿದ್ದರೆ ಎಸ್‌ಎಚ್‌ಬಿಜಿ ಇಳಿದು ನಾರ್ಮಲ್ ಅಂತ ಮೋಸ ಮಾಡತ್ತೆ. ಟಿಎಸ್‌ಎಚ್‌ನ ಒಂದು ತುಂಡಾದ, ಗಡ್ಡೆಯಿದ್ದರೆ ಏರಬಹುದಾದ ಆಲ್ಫಾ ಸಬ್‌ಯೂನಿಟ್ಟಿಗೂ ಕಳಿಸಿದ್ದೆ. ಮೂರು ವಾರ ಕಾದು, ಬಂದ ಅಂಕಿ ಹಿಂದೂ ಇಲ್ಲ ಮುಂದೂ ಇಲ್ಲ. ದುಡ್ಡು ದಂಡ.

ಆಗ ಎಂಆರ್‌ಐ ಮಾಡಿಸಿದೆ. 18 ಮಿಲಿಮೀಟರ್. ಚುಕ್ಕೆಯಲ್ಲ, ಗೋಲಿ. ಕಣ್ಣಿನ ಫೀಲ್ಡ್ ಟೆಸ್ಟ್ ಸರಿಯಿತ್ತು, ಹಾಗಾಗಿ ಸಮಯವಿತ್ತು. ದೃಷ್ಟಿಗೆ ಪೆಟ್ಟು ಬಿದ್ದಿದ್ದರೆ ಮುಂದಿನದನ್ನು ಮಾಡ್ತಿರಲಿಲ್ಲ, ನೇರ ಸರ್ಜನ್ ಹತ್ತಿರ ಕಳಿಸ್ತಿದ್ದೆ. ತಿಂಗಳಿಗೊಂದು ಬಾರಿಯ ಆಕ್ಟ್ರಿಯೋಟೈಡ್ ಡಿಪೋ, 20 ಮಿಲಿಗ್ರಾಂ, ಮೂರು ಸೂಜಿ ಕೊಟ್ಟೆ. ಆಗ ಒಂದಕ್ಕೆ ಇಪ್ಪತ್ತು ಸಾವಿರದ ಹತ್ತಿರ ಇತ್ತು. ದರ ಇಳಿಸಿಕೊಳ್ಳೋಕೆ ನನ್ನದೊಂದು ದಾರಿಯಿದೆ, ಅದನ್ನಿಲ್ಲಿ ಬರೆಯಲ್ಲ, ಬರೆದರೆ ಆ ದಾರಿ ಮುಚ್ಚತ್ತೆ. ಮೊದಲ ವಾರ ಭೇದಿ ಆಗಿ ಬೈದರು. ಫ್ರೀ ಟಿ4 3.6ರಿಂದ 2.2, ಅಲ್ಲಿಂದ 1.5. ಒಂದೇ ಡೋಸಿನ ಟೆಸ್ಟು ನನಗೆ ಟೋಪಿ ಹಾಕಿತ್ತು, ಎರಡು ಮೂರು ತಿಂಗಳು ಎಳೆದರೆ ಅದು ಮೋಸ ಮಾಡೋದು ಕಡಿಮೆ. ರೆಸಿಸ್ಟೆನ್ಸ್ ಇದ್ದವರಲ್ಲಿ ಟಿ4 ಹೀಗೆ ಇಳಿದು ಅಲ್ಲೇ ನಿಲ್ಲಲ್ಲ. ಆಪರೇಷನ್ನಿಗೆ ಮುಂಚೆ ರೋಗಿ ಹದಕ್ಕೂ ಬಂದರು, ಅರಿವಳಿಕೆಯವರು ತಕರಾರು ತೆಗೆಯಲಿಲ್ಲ. ಮೂಗಿನ ಮೂಲಕ ಗಡ್ಡೆ ತೆಗೆದರು. ಡಿಪೋ ಸೂಜಿಯ ಪ್ರಭಾವ ಪೂರ್ತಿ ಕಳೆದ ಮೇಲೆ ನೋಡಿದಾಗ ಟಿಎಸ್‌ಎಚ್ 1.2, ಫ್ರೀ ಟಿ4 1.1.

ಟಿ3 ಹಾರ್ಮೋನ್ ನುಂಗಿಸಿ ಟಿಎಸ್‌ಎಚ್ ಇಳಿಯತ್ತಾ ನೋಡುವ ಟಿ3 ಸಪ್ರೆಷನ್ ಟೆಸ್ಟ್ ಬಗ್ಗೆ ಕೇಳ್ತೀರಿ, ಗೊತ್ತು. ಒಬ್ಬರ ಮೇಲೆ ಮಾಡಿದೆ. ಮೂರನೇ ದಿನಕ್ಕೆ ನಾಡಿ 140. ನಿಲ್ಲಿಸಿದೆ, ಮತ್ತೆ ಆ ದಾರಿ ಹಿಡಿದಿಲ್ಲ.

ಮೊನ್ನೆ ಆ ಪೇಪರ್‌ವೇಟ್ ಹುಡುಗನ ಚಿಕ್ಕಮ್ಮ, ಅಂದರೆ ಮೊದಲಿನ ಹೆಂಗಸಿನ ತಂಗಿ ಬಂದಿದ್ದರು, ಎಂಟು ವಾರದ ಬಸುರಿ. ಟಿಎಸ್‌ಎಚ್ 4.4, ಫ್ರೀ ಟಿ4 2.6. ಇವರಿಗೂ ಇದೆ ಅಂತಾಯಿತು. ಮಗುವಿಗೆ ಬಂದಿದ್ದರೆ ಚಿಂತೆಯಿಲ್ಲ, ಬಂದಿಲ್ಲದಿದ್ದರೇ ಫಜೀತಿ. ತಾಯಿಯ ಜಾಸ್ತಿ ಹಾರ್ಮೋನ್ ಆ ಮಗುವಿಗೆ ಪೂರ್ತಿ ತಟ್ಟತ್ತೆ, ಗರ್ಭ ನಿಲ್ಲದೇ ಹೋಗಬಹುದು, ಹುಟ್ಟಿದರೂ ತೂಕ ಕಡಿಮೆಯಿರಬಹುದು. ಮಗುವಿನದ್ದು ಹೇಗೆ ತಿಳಿಯೋದು, ತಿಳಿದ ಮೇಲೆ ತಾಯಿಗೆ ಮಾತ್ರೆ ಕೊಡಬೇಕಾ ಅಂತ ಹಿರಿಯರಿಗೆ ಫೋನ್ ಮಾಡಿದೆ. "ಮಾವ ಬಂದಿದ್ದಾನಾ?" ಅಂತ ಕೇಳಿದರು. ಬಂದಿದ್ದ, ಅಪ್ಪೆಮಿಡಿ ಉಪ್ಪಿನಕಾಯಿ ತಂದಿದ್ದ.