ಸಿಟ್ಟಿನ ಮೇಲ್‌ಗೆ ಉತ್ತರ: ಮೊದಲು ಬೀಗರ ಮಾತು, ಆಮೇಲೆ ಜೇನಿನ ಮಾತು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಕೊರಿಯರ್‌ನಲ್ಲಿ ಜೇನುತುಪ್ಪ ಕಳಿಸುವವರಿಗೆ ಚಳಿ ಬಿದ್ದೊಡನೆ ಒಂದು ಬಗೆಯ ಇಮೇಲ್ ಬರುವುದು ಬಹುತೇಕ ಖಾತ್ರಿ. ಕನ್ನಡದ ಮಾತುಗಳೇ, ಆದರೆ ಇಂಗ್ಲಿಷ್ ಲಿಪಿಯಲ್ಲಿ, ಮೊದಲಿನಿಂದ ಕೊನೆಯವರೆಗೆ ಕ್ಯಾಪಿಟಲ್ ಅಕ್ಷರಗಳಲ್ಲಿ. ಹುಬ್ಬಳ್ಳಿಯ ಗ್ರಾಹಕಿಯೊಬ್ಬರು ಹೀಗೆ ಬರೆದಿದ್ದಾರೆ ಎಂದಿಟ್ಟುಕೊಳ್ಳೋಣ: ‘ಇದು ಜೇನಲ್ಲ, ಸಕ್ಕರೆ ಪಾಕ. ಎರಡು ಬಾಟಲಿ ತರಿಸಿ ಒಂದನ್ನು ಬೀಗರ ಮನೆಗೆ ಕೊಟ್ಟೆ. ತಳದಲ್ಲಿ ಸಕ್ಕರೆ ಕೂತಿದೆ ಎಂದು ಎಲ್ಲರೆದುರು ತೋರಿಸಿದರು. ಮರ್ಯಾದೆ ಹೋಯಿತು. ಹಣ ವಾಪಸ್ ಕೊಡಿ, ಇಲ್ಲವಾದರೆ ಗ್ರಾಹಕರ ಕೋರ್ಟಿಗೆ ಹೋಗುತ್ತೇನೆ.’

ಈ ಉದಾಹರಣೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇಲ್ಲಿ ಮಾರಿದವರ ಜೇನು ಶುದ್ಧವಾಗಿಯೇ ಇರಬಹುದು. ಜೇನಿನಲ್ಲಿರುವ ಗ್ಲುಕೋಸ್ ತಂಪಿನಲ್ಲಿ ಹರಳುಗಟ್ಟುತ್ತದೆ. ಹೀಗೆ ಸತ್ಯ ನಮ್ಮ ಕಡೆ ಇದ್ದಾಗಲೇ ಉತ್ತರ ಕೆಡುವುದು ಹೆಚ್ಚು. ತಪ್ಪು ಮಾಡಿದವನು ಹೇಗೂ ತಗ್ಗಿ ಬರೆಯುತ್ತಾನೆ. ತಪ್ಪಿಲ್ಲದವನು ಪಾಠ ಹೇಳಲು ಕೂರುತ್ತಾನೆ.

ಮೊದಲ ಕೆಲಸ, ಮೇಲ್ ಅನ್ನು ಒಂದು ಹಾಳೆಯ ಮೇಲೆ ಮೂರು ಪಾಲು ಮಾಡುವುದು: ಏನಾಯಿತು, ಏನು ಅನ್ನಿಸಿತು, ಏನು ಬೇಕು. ಹರಳು ಕಂಡದ್ದು ಆದ ಸಂಗತಿ. ಹಣ ವಾಪಸ್ ಎಂಬುದು ಬೇಡಿಕೆ. ನಡುವಿನ ಪಾಲಿನಲ್ಲಿ ಸುಮ್ಮನೆ ‘ಸಿಟ್ಟು’ ಎಂದು ಬರೆದು ಮುಂದೆ ಹೋಗಬೇಡಿ. ಆಕೆಗೆ ನೋವಾದದ್ದು ಹಣ ಹೋಯಿತೆಂದಲ್ಲ, ಬೀಗರೆದುರು ತಲೆ ತಗ್ಗಿಸಬೇಕಾಯಿತೆಂದು. ಉತ್ತರದ ಮೊದಲ ಸಾಲು ಇದನ್ನೇ ಮುಟ್ಟಬೇಕು. ಕ್ಯಾಪಿಟಲ್ ಅಕ್ಷರಗಳ ಬಗ್ಗೆ ಮಾತ್ರ ಚಕಾರವೆತ್ತಬಾರದು. ಅದು ಕೂಗಾಟವೇ ಇರಬಹುದು, ಕ್ಯಾಪ್ಸ್ ಲಾಕ್ ತೆಗೆಯಲು ಗೊತ್ತಾಗದ ಹಿರಿಯರ ಟೈಪಿಂಗೂ ಇರಬಹುದು. ‘ದಯವಿಟ್ಟು ಸೌಜನ್ಯದಿಂದ ಬರೆಯಿರಿ’ ಎಂದು ಶುರು ಮಾಡಿದರೆ ಜಗಳ ಜೇನನ್ನು ಬಿಟ್ಟು ಸೌಜನ್ಯದ ಮೇಲೆ ನಿಲ್ಲುತ್ತದೆ.

ಎರಡನೆಯದು, ಬರೆಯುವ ಮೊದಲು ನೋಡುವುದು. ಆ ಬಾಟಲಿ ಯಾವ ದಿನ ತುಂಬಿದ್ದು, ಅದೇ ಡಬ್ಬಿಯಿಂದ ತುಂಬಿದ ಬೇರೆ ಬಾಟಲಿ ಮನೆಯಲ್ಲಿದ್ದರೆ ಅದು ಹೇಗಿದೆ, ಲೇಬಲ್ ಮೇಲೆ ಏನು ಬರೆದಿದೆ. ಲೇಬಲ್ ಮೇಲೆ ಹರಳುಗಟ್ಟುವ ಬಗ್ಗೆ ಒಂದು ಮಾತೂ ಇಲ್ಲವೆಂದು ಆಗ ಕಣ್ಣಿಗೆ ಬೀಳುತ್ತದೆ. ಅಂದರೆ ಜೇನಿನಲ್ಲಿ ದೋಷವಿಲ್ಲದಿದ್ದರೂ ತಿಳಿಸುವುದರಲ್ಲಿ ಇದೆ. ಅದು ನಿಜವಾಗಿಯೂ ನಿಮ್ಮದೇ ತಪ್ಪು, ಮುಂದೆ ಒಪ್ಪಿಕೊಳ್ಳಬೇಕಾದದ್ದು. ಇಷ್ಟನ್ನು ನೋಡಲು ಒಂದು ದಿನ ಹಿಡಿಯುವುದಾದರೆ ‘ನಿಮ್ಮ ಮೇಲ್ ಓದಿದೆ, ಬಾಟಲಿಯ ವಿವರ ನೋಡಿ ನಾಳೆ ಸಂಜೆಯೊಳಗೆ ಬರೆಯುತ್ತೇನೆ’ ಎಂದು ಎರಡು ಸಾಲು ಕಳಿಸಿಡಿ. ಆನ್‌ಲೈನ್‌ನಲ್ಲಿ ಮಾರುವವರಿಗೆ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರವೂ ದೂರು ಬಂದ 48 ಗಂಟೆಯೊಳಗೆ ‘ತಲುಪಿದೆ’ ಎಂದು ತಿಳಿಸುವ ಹೊಣೆ ಇದೆ, ಒಂದು ತಿಂಗಳೊಳಗೆ ಪರಿಹರಿಸುವ ಹೊಣೆಯೂ ಇದೆ.

ಇನ್ನು ಬರವಣಿಗೆ. ಹೆಚ್ಚಿನವರ ಕೈಯಿಂದ ಮೊದಲು ಹೊರಡುವ ಕರಡು ಹೀಗಿರುತ್ತದೆ: ‘ಮಾನ್ಯರೇ, ಶುದ್ಧ ಜೇನು ಹರಳುಗಟ್ಟುವುದು ಸಹಜ. ಇದು ನಿಮಗೆ ತಿಳಿದಿರಲಿಕ್ಕಿಲ್ಲ. ನಿಮ್ಮ ಮನಸ್ಸಿಗೆ ನೋವಾಗಿದ್ದರೆ ಕ್ಷಮೆ ಇರಲಿ.’ ಇದರಲ್ಲಿ ಸುಳ್ಳೇನೂ ಇಲ್ಲ. ಆದರೂ ಆಕೆ ಓದುವುದು ಹೀಗೆ: ನೀವು ದಡ್ಡರು, ನಿಮ್ಮ ಬೀಗರೂ ದಡ್ಡರು. ‘ನೋವಾಗಿದ್ದರೆ’ ಎಂಬ ‘ರೆ’ಯಂತೂ ಕ್ಷಮೆಯನ್ನೇ ನುಂಗಿಹಾಕುತ್ತದೆ, ನೋವಾಗಿದೆ ಎಂದು ಆಕೆ ಪುಟ ತುಂಬ ಬರೆದಿರುವಾಗ ಆ ಅನುಮಾನವೇಕೆ? ‘ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಎಂಬುದು ಇನ್ನೊಂದು ಬಗೆ. ರೈಲು ತಡವಾದಾಗ ನಿಲ್ದಾಣದಲ್ಲಿ ಕೇಳುವ ಧ್ವನಿಮುದ್ರಿತ ಮಾತಿನಂತೆ ಅದು ಯಾರಿಗೂ ಹೇಳಿದ್ದಲ್ಲ.

ಅದನ್ನೇ ತಿರುಗಿಸಿ ಬರೆದರೆ ಹೀಗಾಗುತ್ತದೆ:

‘ನಮಸ್ಕಾರ. (ಇಲ್ಲಿ ಅವರ ಹೆಸರು, ಜೊತೆಗೆ ‘ಅವರೇ’ ಎಂದಿರಲಿ.) ನಂಬಿ ಬೀಗರಿಗೆ ಕೊಟ್ಟ ಬಾಟಲಿಯ ಬಗ್ಗೆ ನಾಲ್ಕು ಜನರೆದುರು ಅಂಥ ಮಾತು ಕೇಳಬೇಕಾಗಿ ಬಂದದ್ದು ಬಹಳ ಮುಜುಗರದ ಸಂಗತಿ. ನಮ್ಮಿಂದ ತರಿಸಿದ ವಸ್ತುವಿನಿಂದ ಹೀಗಾಯಿತೆಂದು ನನಗೆ ಬೇಸರವಾಗಿದೆ. ತಳದಲ್ಲಿ ಹರಳು ಕಂಡಾಗ ಸಕ್ಕರೆಯೆಂಬ ಅನುಮಾನ ಯಾರಿಗಾದರೂ ಬರುತ್ತದೆ.

ನಿಮ್ಮ ಬಾಟಲಿ ತುಂಬಿದ ದಿನವೇ ತುಂಬಿದ ಇನ್ನೊಂದು ಬಾಟಲಿ ನಮ್ಮಲ್ಲಿದೆ, ಅದರಲ್ಲೂ ಹರಳು ಕೂತಿದೆ. ಚಳಿಯಲ್ಲಿ ಜೇನು ಹೀಗೆ ಗಟ್ಟಿಯಾಗುತ್ತದೆ. ಮುಚ್ಚಳ ಸಡಿಲಿಸಿ, ಕೈ ತಾಳುವಷ್ಟು ಬಿಸಿಯ ನೀರಿನಲ್ಲಿ ಬಾಟಲಿಯನ್ನು ನಿಲ್ಲಿಸಿಟ್ಟರೆ ಮೆಲ್ಲಗೆ ಕರಗುತ್ತದೆ. ಇದನ್ನು ಲೇಬಲ್ ಮೇಲೆ ಮೊದಲೇ ಬರೆಯಬೇಕಿತ್ತು. ಬರೆಯದಿದ್ದದ್ದು ನಮ್ಮ ತಪ್ಪು, ಕ್ಷಮಿಸಿ.

ಎರಡೂ ಬಾಟಲಿ ಬೇಡವೆಂದರೆ ನಮ್ಮ ಖರ್ಚಿನಲ್ಲಿ ತರಿಸಿಕೊಂಡು ಪೂರ್ತಿ ಹಣ ಮರಳಿಸುತ್ತೇನೆ. ಇಟ್ಟುಕೊಳ್ಳುವುದಾದರೆ ಬೀಗರ ಮನೆಗೆ ಈ ವಿಷಯ ವಿವರಿಸಿದ ಒಂದು ಚೀಟಿಯೊಡನೆ ಹೊಸ ಬಾಟಲಿ ಕಳಿಸುತ್ತೇನೆ. ಯಾವುದು ಸರಿಯೆನಿಸುತ್ತದೋ ತಿಳಿಸಿ.’

ಕೆಳಗೆ ಬರೆದವರ ಹೆಸರು, ಮೊಬೈಲ್ ಸಂಖ್ಯೆ. ‘ಗ್ರಾಹಕ ಸೇವಾ ವಿಭಾಗ’ ಬೇಡ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಬಾಟಲಿ ತುಂಬುವ ಉದ್ಯಮಕ್ಕೆ ವಿಭಾಗಗಳಿರುವುದಿಲ್ಲ ಎಂದು ಓದುವವರಿಗೂ ಗೊತ್ತು.

ಈ ಉತ್ತರದಲ್ಲಿ ಎರಡನ್ನು ಗಮನಿಸಿ. ಮೊದಲ ಪ್ಯಾರಾ ಮುಗಿದ ಮೇಲೆ ‘ಆದರೆ’ ಬಂದಿಲ್ಲ. ಅನುಕಂಪ ಹೇಳಿ ‘ಆದರೆ’ ಎಂದೊಡನೆ ಹಿಂದಿನದೆಲ್ಲ ಪೀಠಿಕೆಯಾಗಿಬಿಡುತ್ತದೆ. ಪ್ಯಾರಾ ಬದಲಿಸಿದರೆ ಸಾಕು. ಎರಡನೆಯದಾಗಿ, ಬೇಸರ ಹೇಳಿದ್ದು ಒಂದಕ್ಕೆ, ತಪ್ಪು ಒಪ್ಪಿದ್ದು ಇನ್ನೊಂದಕ್ಕೆ. ಬೀಗರೆದುರಿನ ಮುಜುಗರಕ್ಕೆ ಬೇಸರ, ಲೇಬಲ್‌ನ ಕೊರತೆಗೆ ಕ್ಷಮೆ. ಕಲಬೆರಕೆಯ ಆರೋಪವನ್ನು ಎಲ್ಲಿಯೂ ಒಪ್ಪಿಲ್ಲ, ‘ಇದು ಸುಳ್ಳು ಆರೋಪ’ ಎಂದು ಹೊಡೆದಾಡಿಯೂ ಇಲ್ಲ. ಅವರ ನೋವಿಗೆ ಮರುಗಿದರೆ ತಪ್ಪೊಪ್ಪಿಕೊಂಡಂತೆ ಎಂದು ಹೆದರುವವರಿಗೆ ಉತ್ತರ ಇಲ್ಲೇ ಇದೆ.

ಸಂಗತಿ ಹೇಳುವಾಗ ಉತ್ಸಾಹ ಹೆಚ್ಚಿ ‘ಹರಳುಗಟ್ಟಿದ್ದೇ ಶುದ್ಧತೆಗೆ ಸಾಕ್ಷಿ’ ಎಂದು ಬರೆಯುವವರಿದ್ದಾರೆ. ಹಾಗೆ ಬರೆಯಬಾರದು. ಹರಳು ಕಲಬೆರಕೆಯ ಗುರುತಲ್ಲ, ಶುದ್ಧತೆಯ ಪ್ರಮಾಣಪತ್ರವೂ ಅಲ್ಲ. ಖಚಿತವಾಗಿ ತಿಳಿಯಬೇಕೆಂದರೆ ಪ್ರಯೋಗಾಲಯದ ಪರೀಕ್ಷೆಯೇ ಆಗಬೇಕು. ವರದಿ ಕೈಯಲ್ಲಿದ್ದರೆ ಲಗತ್ತಿಸಿ, ಇಲ್ಲದಿದ್ದರೆ ಆ ಮಾತೆತ್ತಬೇಡಿ. ಕೋರ್ಟಿನ ಬೆದರಿಕೆಗೂ ಉತ್ತರ ಬೇಕಿಲ್ಲ. ಕಾರವಾರದಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ, ಆಕೆಯ ಊರಿನಿಂದಲೂ ದೂರು ಕೊಡಬಹುದು, ಅದು ಅವರ ಹಕ್ಕು. ‘ಹೋಗಿ ನೋಡೋಣ’ ಎಂಬ ಒಂದು ಸಾಲು ಮುಂದೆ ಅಲ್ಲಿಯೇ ನಿಮ್ಮ ವಿರುದ್ಧ ಓದಿಸಿಕೊಳ್ಳಬಹುದು.

ಈ ಕ್ರಮ ನಡೆಯದ ಸಂದರ್ಭವೂ ಉಂಟು. ತಿಂದವರಿಗೆ ಹುಷಾರಿಲ್ಲ ಎಂದು ಬರೆದಿದ್ದರೆ ಹರಳಿನ ವಿವರಣೆಯನ್ನು ಬದಿಗಿಡಿ. ಈಗ ಹೇಗಿದ್ದಾರೆ, ವೈದ್ಯರಿಗೆ ತೋರಿಸಿದಿರಾ ಎಂದು ಅದೇ ಗಳಿಗೆಗೆ ಫೋನಿನಲ್ಲಿ ಕೇಳಿ, ಆ ದಿನ ತುಂಬಿದ ಬಾಟಲಿಗಳ ಮಾರಾಟ ನಿಲ್ಲಿಸಿ.

ನಿಮ್ಮ ಉತ್ತರಕ್ಕೂ ಮತ್ತೆ ಕ್ಯಾಪಿಟಲ್ ಅಕ್ಷರದ ಮೇಲ್ ಬಂದರೆ ಅದೇ ವಿವರಣೆಯನ್ನು ಇನ್ನೂ ಉದ್ದವಾಗಿ ಬರೆಯಬೇಡಿ. ಫೋನ್ ಮಾಡಿ, ಅವರ ಮಾತು ಮುಗಿಯುವ ತನಕ ಕೇಳಿ, ಕೊನೆಗೆ ಏನು ಒಪ್ಪಂದವಾಯಿತೋ ಅದನ್ನಷ್ಟೇ ಅದೇ ಮೇಲ್‌ನ ಉತ್ತರವಾಗಿ ಎರಡು ಸಾಲಿನಲ್ಲಿ ದಾಖಲಿಸಿ: ಎಷ್ಟು ಹಣ, ಯಾವ ದಿನ, ಯಾವ ಖಾತೆಗೆ.