ಸಾರಾಂಶ ಯಂತ್ರ ಬರೆದಂತಿದೆಯೇ? ಸಂಪಾದಕರಿಗೆ ತಿಳಿಸುವ ಮುನ್ನ

ಪತ್ರಿಕೆಯೊಂದರಿಂದ ವಿಮರ್ಶೆಗೆ ಬಂದ ಸಂಶೋಧನಾ ಪ್ರಬಂಧದ ಸಾರಾಂಶ ಅತಿ ನುಣುಪಾಗಿದೆ, ಒಳಗಿನ ಭಾಷೆ ಮಾತ್ರ ಒರಟು. ಎಐ ಯಂತ್ರ ಬರೆದಿರಬಹುದೆಂಬ ಅನುಮಾನ ಸಹಜ. ಆದರೆ ಓದಿನ ಅನಿಸಿಕೆಯನ್ನು ಹೆಚ್ಚು ನಂಬುವಂತಿಲ್ಲ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಮರ್ಶಕರು ಯಂತ್ರದ ಸಾರಾಂಶಗಳಲ್ಲಿ ಶೇ 68ನ್ನು ಸರಿಯಾಗಿ ಗುರುತಿಸಿದರು. ಜೊತೆಗೆ ಮನುಷ್ಯರೇ ಬರೆದ ಸಾರಾಂಶಗಳಲ್ಲಿ ಶೇ 14ನ್ನೂ ಯಂತ್ರದ್ದೆಂದು ತಪ್ಪಾಗಿ ತಿಳಿದರು.

ಮೊದಲು ಪತ್ರಿಕೆಯ ನಿಯಮ ಓದಿ. ಭಾಷೆ ತಿದ್ದಲು ಎಐ ಬಳಸುವುದಕ್ಕೆ ಹಲವು ಪತ್ರಿಕೆಗಳ ಅಡ್ಡಿಯಿಲ್ಲ, ಕೆಲವು ಅದನ್ನು ತಿಳಿಸಬೇಕೆನ್ನುತ್ತವೆ. ಆಮೇಲೆ ಪ್ರಬಂಧದ ಕೃತಜ್ಞತೆ, ವಿಧಾನ ಮತ್ತು ಕೊನೆಯ ಘೋಷಣೆಗಳನ್ನು ನೋಡಿ. ನಿಯಮ ಒಪ್ಪುವ ಬಳಕೆಯನ್ನು ಲೇಖಕರು ಆಗಲೇ ಹೇಳಿಕೊಂಡಿದ್ದರೆ ದೂರಿಗೆ ಜಾಗವೇ ಇಲ್ಲ.

ಎಐ ಬರಹವನ್ನು ಪತ್ತೆ ಮಾಡುವ ಜಾಲತಾಣಕ್ಕೆ ಸಾರಾಂಶವನ್ನು ಅಂಟಿಸಬೇಡಿ. ಅಪ್ರಕಟಿತ ಹಸ್ತಪ್ರತಿಯನ್ನು ಹೊರಗಿನವರ ಕೈಗೆ ಕೊಟ್ಟರೆ ಗೋಪ್ಯತೆ ಮುರಿಯುತ್ತದೆ. ಬರುವ ಅಂಕವೂ ನೆಚ್ಚುವಂಥದ್ದಲ್ಲ: ಇಂಗ್ಲಿಷ್ ಮಾತೃಭಾಷೆಯಲ್ಲದವರ ಸರಳ, ಪುನರಾವರ್ತಿತ ಪದಗಳ ಬರಹವನ್ನು ಇಂಥ ಸಾಧನಗಳು ಯಂತ್ರದ್ದೆಂದು ತಳ್ಳಿದ್ದು ದಾಖಲಾಗಿದೆ. ಓಪನ್‌ಎಐ ತನ್ನದೇ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು.

ನಿಜವಾದ ಕೆಲಸ ಇರುವುದು ಸಾರಾಂಶವನ್ನು ಒಳಗಿನ ಪ್ರಬಂಧದ ಜೊತೆ ಹೋಲಿಸುವುದರಲ್ಲಿ. ಪ್ರತಿ ಹೇಳಿಕೆಗೆ ಅಡಿಗೆರೆ ಎಳೆದು, ಅದು ಯಾವ ಕೋಷ್ಟಕದಿಂದ ಬಂತೆಂದು ಪಕ್ಕದಲ್ಲಿ ಬರೆಯಿರಿ. ಒಂದು ಕಲ್ಪಿತ ಉದಾಹರಣೆ: ‘120 ರೋಗಿಗಳು ಚಿಕಿತ್ಸೆ ಪೂರೈಸಿದರು, ನೋವು ಶೇ 40 ಇಳಿಯಿತು, ಆರು ತಿಂಗಳ ನಂತರವೂ ಲಾಭ ಉಳಿಯಿತು’ ಎನ್ನುತ್ತದೆ ಸಾರಾಂಶ. ಕೋಷ್ಟಕದಲ್ಲಿ ಸೇರಿದವರು 120, ಪೂರೈಸಿದವರು 104. ನೋವಿನ ಅಂಕ 6.5ರಿಂದ 4.6ಕ್ಕೆ ಬಂದಿದೆ, ಇಳಿಕೆ 1.9, ಅಂದರೆ ಸುಮಾರು ಶೇ 29. ರೋಗಿಗಳನ್ನು ಗಮನಿಸಿದ್ದು 12 ವಾರ ಮಾತ್ರ.

ಇದು ಯಂತ್ರ ಕಟ್ಟಿದ ಮಾತೇ? ಇರಬಹುದು. ಹಳೆಯ ಕರಡಿನ ಸಾರಾಂಶವೇ ಉಳಿದುಕೊಂಡಿರಲೂಬಹುದು. ಅವಸರದಲ್ಲಿ ಮನುಷ್ಯರೂ ಹೀಗೇ ಎಡವುತ್ತಾರೆ. ಯಾರೇ ಬರೆದಿರಲಿ ತಪ್ಪು ತಪ್ಪೇ, ಅದನ್ನು ತೋರಿಸಲು ಅನುಮಾನದ ಆಸರೆ ಬೇಕಿಲ್ಲ. ನುಣುಪು ಭಾಷೆಗೂ ಬೇರೆ ಕಾರಣವಿದ್ದೀತು: ಸಹಲೇಖಕರೊಬ್ಬರೇ ಸಾರಾಂಶ ಬರೆದಿರಬಹುದು, ಅದನ್ನಷ್ಟೇ ಭಾಷಾ ಸಂಪಾದಕರಿಗೆ ಕೊಟ್ಟಿರಬಹುದು. ಚಾಟ್‌ಜಿಪಿಟಿ ಪರದೆಯಲ್ಲಿ ಹಿಂದೆ ಇದ್ದ “Regenerate response” ಎಂಬ ಗುಂಡಿಯ ಹೆಸರು ಪಠ್ಯದಲ್ಲಿ ಉಳಿದಿದ್ದರೆ ಮಾತ್ರ ಸಂಗತಿ ಬೇರೆ. ಆಗ ಪುಟ, ಸಾಲು ಗುರುತು ಮಾಡಿಕೊಳ್ಳಿ.

ಮೂರೂ ವ್ಯತ್ಯಾಸಗಳನ್ನು ಲೇಖಕರಿಗೆ ಕಳಿಸುವ ವಿಮರ್ಶೆಯಲ್ಲಿ ಸಾಮಾನ್ಯ ತಿದ್ದುಪಡಿಗಳಂತೆ ಬರೆಯಿರಿ, ಎಐ ಮಾತು ಅಲ್ಲಿ ಬೇಡ. ಸಂಪಾದಕರಿಗಷ್ಟೇ ಕಾಣುವ ಟಿಪ್ಪಣಿಯಲ್ಲಿ ಹೀಗೆ ಸೇರಿಸಿ: ‘ಸಾರಾಂಶದ ಮೂರು ಹೇಳಿಕೆಗಳು ಕೋಷ್ಟಕ, ವಿಧಾನಗಳಿಗೆ ಹೊಂದುತ್ತಿಲ್ಲ. ಎಐ ಬಳಕೆಯ ಘೋಷಣೆ ಕಾಣಲಿಲ್ಲ. ಬರೆದವರ ಬಗ್ಗೆ ನಾನು ತೀರ್ಮಾನ ಕೊಡುತ್ತಿಲ್ಲ. ಸೂಕ್ತವೆನಿಸಿದರೆ ಲೇಖಕರನ್ನು ವಿಚಾರಿಸಿ.’